ಪತ್ರಮಿತ್ರರಿಗೆ ಮನೆ ಹಬ್ಬದ ಬಗ್ಗೆ ಕನ್ನಡದಲ್ಲಿ ಬರೆಯೋದು: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಹೊಸದಾಗಿ ಕಲಿಯುವವರಿಗೆ ನಾನು ಕೊಡುವ ಮೊದಲ ಬರವಣಿಗೆಯೇ ಇದು: ಒಬ್ಬ ಪತ್ರಮಿತ್ರರಿಗೆ ನಿಮ್ಮ ಮನೆ ಹಬ್ಬದ ಬಗ್ಗೆ ಒಂದು ಮೆಸೇಜ್ ಬರೆಯಿರಿ. ಸುಲಭ ಅನ್ನಿಸುತ್ತೆ, ಕೂತಾಗ ಕೈ ನಿಲ್ಲುತ್ತೆ. ಪಾಠದ ಮಧ್ಯೆ, ಪತ್ರಗಳಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಹಾಕಿದ್ದೇನೆ. ಕೆಲವು ಕಲಿಯುವವರದು, ಕೆಲವು ಅವರಿಗೆ ಮನೆಯಲ್ಲಿ ಕಲಿಸುತ್ತಿರುವ ಕನ್ನಡದವರದು.

## ಶುರು ಮಾಡುವಾಗ

ಎಷ್ಟು ಉದ್ದ ಬರೀಬೇಕು? ನನ್ನ ಹತ್ತಿರ ಇರೋದೇ ಇನ್ನೂರು ಪದ!

ಇನ್ನೂರು ಪದ ಸಾಕು, ಅದರಲ್ಲಿ ಐವತ್ತು ಅರವತ್ತು ಬಳಸಿದರೆ ಮೆಸೇಜ್ ಮುಗಿಯಿತು. ಒಂದು ವಾಕ್ಯಕ್ಕೆ ಮೂರರಿಂದ ಐದು ಪದ, ಒಟ್ಟು ಹನ್ನೆರಡರಿಂದ ಹದಿನಾರು ವಾಕ್ಯ. ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಭಾಷಾ ಮಟ್ಟಗಳಲ್ಲಿ ಎ1 ಅನ್ನೋದು ಎಲ್ಲಕ್ಕಿಂತ ಕೆಳಗಿನದು. ಆ ಮಟ್ಟದವರು ಬರೆಯಬಲ್ಲದ್ದು ಅಂತ ಅಲ್ಲಿ ಹೇಳಿರೋದು ಒಂದು ಚಿಕ್ಕ, ಸರಳ ಪೋಸ್ಟ್‌ಕಾರ್ಡ್. ನಿಮ್ಮ ಮೆಸೇಜೂ ಪೋಸ್ಟ್‌ಕಾರ್ಡಿನಷ್ಟೇ ಇರಲಿ.

ಇನ್ನೊಂದು ಮಾತು. ಮೊದಲು ನಿಮ್ಮ ಭಾಷೆಯಲ್ಲಿ ಉದ್ದಕ್ಕೆ ಬರೆದುಕೊಂಡು ಆಮೇಲೆ ಕನ್ನಡ ಮಾಡಲು ಹೋಗಬೇಡಿ. ನಿಮ್ಮ ಭಾಷೆಯಲ್ಲಿ ನಿಮಗೆ ಇಪ್ಪತ್ತು ವರ್ಷದ ಬುದ್ಧಿ, ಕನ್ನಡದಲ್ಲಿ ನಿಮಗಿನ್ನೂ ಮೂರು ತಿಂಗಳು. ಮೂರು ತಿಂಗಳಿನವರಿಗೆ ಗೊತ್ತಿರುವುದನ್ನಷ್ಟೇ ಹೇಳಿ.

ಹಬ್ಬ ಅಂದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ನೂರೆಂಟು ಕೆಲಸ. ಎಲ್ಲಾನೂ ಹೇಳಬೇಕಾ?

ಬೇಡ. ಎದ್ದೆವು, ಸ್ನಾನ ಮಾಡಿದೆವು, ಹೊಸ ಬಟ್ಟೆ ಹಾಕಿದೆವು, ಊಟ ಮಾಡಿದೆವು, ಮಲಗಿದೆವು. ನನಗೆ ಬರುವ ಹತ್ತು ಮೆಸೇಜಿನಲ್ಲಿ ಎಂಟು ಹೀಗೇ ಇರುತ್ತವೆ. ತಪ್ಪೇನಿಲ್ಲ, ಆದರೆ ಓದಿದವರಿಗೆ ಉತ್ತರ ಬರೆಯಲು ಏನೂ ಸಿಗೋದಿಲ್ಲ. ಪತ್ರಮಿತ್ರರು ನಿಮ್ಮ ಮನೆ ನೋಡಿಲ್ಲ, ನಿಮ್ಮವರು ಯಾರೂ ಅವರಿಗೆ ಗೊತ್ತಿಲ್ಲ. ಎರಡೇ ಸಾಲಿನಲ್ಲಿ ಹಬ್ಬ ಯಾವಾಗ, ಯಾರೆಲ್ಲ ಬಂದರು ಅಂತ ಹೇಳಿಬಿಡಿ. ಉಳಿದ ಜಾಗವನ್ನು ಆ ದಿನ ನಡೆದ ಒಂದೇ ಒಂದು ಸಣ್ಣ ಘಟನೆಗೆ ಕೊಡಿ. ಹಚ್ಚಿದ ದೀಪ ಆರಿದ್ದು, ಮಗು ಸಿಹಿ ಡಬ್ಬಿ ಬಚ್ಚಿಟ್ಟಿದ್ದು, ಅಂಥದ್ದು.

ಘಟನೆ ಆರಿಸುವಾಗ ಒಂದು ಲೆಕ್ಕ ಇಟ್ಟುಕೊಳ್ಳಿ: ಅದರಲ್ಲಿ ಬರುವ ಕ್ರಿಯಾಪದಗಳು ನಿಮಗೆ ಗೊತ್ತಿರಬೇಕು. ಬಾ, ಹೋಗು, ಕೊಡು, ಇಡು, ನಗು, ಬೀಳು ಇಷ್ಟರಲ್ಲಿ ಹೇಳೋಕೆ ಆಗುವಂಥದ್ದೇ ಒಳ್ಳೆಯದು. ಪೂಜೆಯ, ಪ್ರಾರ್ಥನೆಯ ವಿವರಕ್ಕೆ ಇಳಿದರೆ ಪ್ರತಿ ಸಾಲಿಗೂ ನಿಘಂಟು ಬೇಕಾಗುತ್ತೆ.

ಒಂದು ಪೂರ್ತಿ ಮಾದರಿ ತೋರಿಸ್ತೀರಾ? ತಪ್ಪು ಎಲ್ಲಿ ಆಗುತ್ತೆ ಅಂತ ಕೂಡ ಗೊತ್ತಾಗಬೇಕು

ಖಂಡಿತ. ಹಲವರ ತಪ್ಪುಗಳನ್ನು ಸೇರಿಸಿ ನಾನೇ ಕಟ್ಟಿದ ಮೊದಲ ಪ್ರತಿ ಇದು:

> ಪ್ರೀತಿಯ ಗೆಳತಿ ನಮಸ್ಕಾರ. ನಾನು ಚೆನ್ನಾಗಿ ಇದೆ. ಭಾನುವಾರ ನಮ್ಮ ಮನೆ ಹಬ್ಬ ಇದೆ. ಎಲ್ಲರೂ ಅಜ್ಜಿ ಮನೆ ಬರುತ್ತಾರೆ. ಹದಿನಾಲ್ಕು ಜನ ಬಂತು. ಅಜ್ಜಿ ಸಿಹಿ ಮಾಡಿದಳು. ನಾನು ಇಷ್ಟ ಸಿಹಿ. ನಾನು ಎರಡು ತಂಗಿ ಇದೆ. ಅವರು ದೀಪ ಹಚ್ಚುತ್ತಾರೆ. ಗಾಳಿ ಬಂತು. ದೀಪ ಆರಿತು. ನಾವು ನಗುತ್ತೇವೆ.

ಅರ್ಥ ಆಗುತ್ತೆ ಅಲ್ವಾ? ಅದೇ ದೊಡ್ಡ ವಿಷಯ. ಕೊನೆಯ ನಾಲ್ಕು ವಾಕ್ಯ ಓದಿ ನನಗಂತೂ ನಗು ಬಂತು. ಈಗ ತಿದ್ದಿದ ಪ್ರತಿ:

> ಪ್ರೀತಿಯ ಗೆಳತಿಗೆ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಿ? ಭಾನುವಾರ ನಮ್ಮ ಮನೆಯಲ್ಲಿ ಹಬ್ಬ ಇತ್ತು. ಪ್ರತಿ ವರ್ಷ ಎಲ್ಲರೂ ಅಜ್ಜಿ ಮನೆಗೆ ಬರುತ್ತಾರೆ. ಈ ವರ್ಷ ಹದಿನಾಲ್ಕು ಜನ ಬಂದರು. ಅಜ್ಜಿ ಸಿಹಿ ಮಾಡಿದರು. ನನಗೆ ಆ ಸಿಹಿ ತುಂಬಾ ಇಷ್ಟ. ನನಗೆ ಇಬ್ಬರು ತಂಗಿಯರು ಇದ್ದಾರೆ. ಅವರು ಬಾಗಿಲ ಹತ್ತಿರ ದೀಪ ಹಚ್ಚಿದರು. ಗಾಳಿ ಬಂತು. ದೀಪ ಆರಿತು. ಮತ್ತೆ ಹಚ್ಚಿದರು. ಮತ್ತೆ ಆರಿತು! ಎಲ್ಲರೂ ನಕ್ಕೆವು. ನಿಮ್ಮ ಮನೆಯಲ್ಲಿ ದೀಪ ಯಾರು ಹಚ್ಚುತ್ತಾರೆ?

ಹದಿನಾರು ವಾಕ್ಯ, ಐವತ್ತೈದು ಪದ. ‘ಮತ್ತೆ ಹಚ್ಚಿದರು, ಮತ್ತೆ ಆರಿತು’ ಅನ್ನೋದು ನಾನು ಸೇರಿಸಿದ್ದು. ಹೊಸ ಪದ ಒಂದೇ, ‘ಮತ್ತೆ’. ಆದರೆ ಘಟನೆಗೆ ಜೀವ ಬಂತು. ಕೊನೆಯ ಪ್ರಶ್ನೆಯನ್ನೂ ಗಮನಿಸಿ. ‘ನಿಮ್ಮ ಹಬ್ಬದ ಬಗ್ಗೆ ಹೇಳಿ’ ಅಂದರೆ ಎದುರಿನವರು ಎಲ್ಲಿಂದ ಶುರು ಮಾಡಬೇಕು ಅಂತ ತಲೆ ಕೆರೆದುಕೊಳ್ಳುತ್ತಾರೆ. ದೀಪ ಯಾರು ಹಚ್ಚುತ್ತಾರೆ ಅಂದರೆ ‘ನಾನೇ!’ ಅಂತ ತಕ್ಷಣ ಬರೆಯಬಹುದು.

ಪತ್ರಮಿತ್ರರಿಗೆ ನೀನು ಅನ್ನಲೋ, ನೀವು ಅನ್ನಲೋ?

ಮೊದಲ ಮೆಸೇಜಿಗೆ ನೀವು. ಅವರು ನಿಮಗಿಂತ ಚಿಕ್ಕವರಾದರೂ ಪರವಾಗಿಲ್ಲ, ನೀವು ಅಂದರೆ ಯಾರಿಗೂ ಬೇಜಾರಾಗೋದಿಲ್ಲ. ಅವರಾಗೇ ‘ನೀನು ಅಂತಲೇ ಕರಿ’ ಅಂದಾಗ ಬದಲಾಯಿಸಿ. ಬದಲಾಯಿಸಿದರೆ ಪೂರ್ತಿ ಬದಲಾಯಿಸಿ: ನೀವು ಹೇಗಿದ್ದೀರಿ ಹೋಗಿ ನೀನು ಹೇಗಿದ್ದೀಯ, ನಿಮ್ಮ ಮನೆ ಹೋಗಿ ನಿನ್ನ ಮನೆ. ‘ನೀನು ಹೇಗಿದ್ದೀರಿ’ ಅನ್ನುವ ಕಲಸುಮೇಲೋಗರ ಮಾತ್ರ ಬೇಡ.

## ವಾಕ್ಯ ಕಟ್ಟುವಾಗ

‘ಮಾಡುತ್ತೇವೆ’ ಅಂತ ಬರೀಬೇಕಾ, ‘ಮಾಡಿದೆವು’ ಅಂತಾನಾ? ಹಬ್ಬ ಪ್ರತಿ ವರ್ಷ ಇರುತ್ತಲ್ಲ!

ಈ ಇಡೀ ಮೆಸೇಜಿನಲ್ಲಿ ನಿಜವಾದ ಕಷ್ಟ ಇದೊಂದೇ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಬ್ಬದ ಬಗ್ಗೆ ಬರೆಯುವಾಗ ಎರಡು ಬೇರೆ ಬೇರೆ ವಿಷಯ ಒಂದರೊಳಗೊಂದು ಸೇರಿಕೊಳ್ಳುತ್ತವೆ. ಒಂದು, ಪ್ರತಿ ವರ್ಷ ಏನು ನಡೆಯುತ್ತೆ ಅನ್ನೋದು. ಇನ್ನೊಂದು, ಈ ಸಲ ಏನು ನಡೆಯಿತು ಅನ್ನೋದು. ಮೊದಲನೆಯದಕ್ಕೆ ಬರುತ್ತಾರೆ, ಮಾಡುತ್ತೇವೆ, ಇರುತ್ತದೆ. ಎರಡನೆಯದಕ್ಕೆ ಬಂದರು, ಮಾಡಿದೆವು, ಇತ್ತು. ಹೊಸಬರು ‘ಮಾಡುತ್ತೇವೆ’ಯನ್ನು ಮೊದಲು ಕಲಿತಿರುತ್ತಾರೆ, ಹಾಗಾಗಿ ಕೈ ತಾನಾಗಿ ಅದಕ್ಕೇ ಹೋಗುತ್ತೆ. ಮೇಲಿನ ಮೊದಲ ಪ್ರತಿಯಲ್ಲಿ ನೋಡಿ: ತಂಗಿಯರು ಹಚ್ಚುತ್ತಾರೆ, ಗಾಳಿ ಬಂತು, ನಾವು ನಗುತ್ತೇವೆ. ಗಾಳಿ ಮಾತ್ರ ಭಾನುವಾರ ಬಂದಿದೆ, ತಂಗಿಯರು ಪ್ರತಿ ವರ್ಷ ಹಚ್ಚುತ್ತಲೇ ಇದ್ದಾರೆ, ಇವರು ಪ್ರತಿ ವರ್ಷ ನಗುತ್ತಲೇ ಇದ್ದಾರೆ!

ಇನ್ನೊಂದು ತೊಡಕಿದೆ. ಕನ್ನಡದಲ್ಲಿ ‘ಬರುತ್ತಾರೆ’ ಮುಂದೆ ನಡೆಯುವುದಕ್ಕೂ ಆಗುತ್ತೆ. ನಾಳೆ ಬರುತ್ತಾರೆ, ಮುಂದಿನ ವಾರ ಬರುತ್ತಾರೆ ಅಂತ ದಿನಾ ಹೇಳುತ್ತೇವಲ್ಲ. ಹಾಗಾಗಿ ಬರೀ ‘ಎಲ್ಲರೂ ಅಜ್ಜಿ ಮನೆಗೆ ಬರುತ್ತಾರೆ’ ಅಂದರೆ ಹಬ್ಬ ಇನ್ನೂ ಬರಬೇಕು ಅಂತ ಓದಿದವರು ತಿಳಿಯಬಹುದು. ನನ್ನ ಹತ್ತಿರ ಕಲಿಯುತ್ತಿದ್ದ ಒಬ್ಬರು ಹೀಗೇ ಬರೆದು ಕಳಿಸಿದರು. ಅವರ ಪತ್ರಮಿತ್ರರು ‘ಹಬ್ಬಕ್ಕೆ ಮುಂಚಿತವಾಗಿ ಶುಭಾಶಯ’ ಅಂತ ಉತ್ತರ ಕೊಟ್ಟರು, ಹಬ್ಬ ಮುಗಿದು ಆಗಲೇ ಹತ್ತು ದಿನ ಆಗಿತ್ತು.

ಪರೀಕ್ಷೆ ಸುಲಭ. ಬರೆದ ಪ್ರತಿ ವಾಕ್ಯದ ಮುಂದೆ ಮನಸ್ಸಿನಲ್ಲೇ ‘ಪ್ರತಿ ವರ್ಷ’ ಅಂತ ಸೇರಿಸಿ ಓದಿ, ಆಮೇಲೆ ‘ಈ ಸಲ’ ಅಂತ ಸೇರಿಸಿ ಓದಿ. ಯಾವುದು ನಿಜವೋ ಅದರ ರೂಪ ಹಾಕಿ. ‘ಪ್ರತಿ ವರ್ಷ ಗಾಳಿ ದೀಪ ಆರಿಸಿತು’ ಅಂದಾಗ ನಿಮಗೇ ಕಿವಿಗೆ ಚುಚ್ಚುತ್ತೆ. ಒಂದರಿಂದ ಇನ್ನೊಂದಕ್ಕೆ ಹಾರುವ ಕಡೆ ಈ ಪದಗಳನ್ನು ಬರೆದೇಬಿಡಿ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ತಿದ್ದಿದ ಪ್ರತಿಯಲ್ಲಿ ‘ಪ್ರತಿ ವರ್ಷ ಬರುತ್ತಾರೆ’ ಆದಮೇಲೆ ‘ಈ ವರ್ಷ ಬಂದರು’ ಅಂತ ಇದೆಯಲ್ಲ, ಅಲ್ಲಿಂದ ಕಥೆ ಪೂರ್ತಿ ಭಾನುವಾರಕ್ಕೆ ಇಳಿಯುತ್ತೆ, ಆಮೇಲೆ ಮೇಲೇಳುವುದು ಕೊನೆಯ ಪ್ರಶ್ನೆಯಲ್ಲೇ. ಮಧ್ಯದ ‘ಇಷ್ಟ’, ‘ಇದ್ದಾರೆ’ ಬೇರೆ ಲೆಕ್ಕ, ಅವು ಯಾವಾಗಲೂ ನಿಜ ಇರುವ ಮಾತು. ಹೊಸಬರು ಒಂದೇ ಸಲ ಹಾರಿದರೆ ಸಾಕು. ಹಿಂದೆ ಮುಂದೆ ನಾಲ್ಕು ಸಲ ಹಾರಿದರೆ ಖಂಡಿತ ಎಲ್ಲೋ ಎಡವುತ್ತಾರೆ.

ಹಬ್ಬ ಇದೆ, ಹಬ್ಬ ಇತ್ತು, ಹಬ್ಬ ಇರುತ್ತೆ. ಮೂರಕ್ಕೂ ಏನು ವ್ಯತ್ಯಾಸ?

‘ಭಾನುವಾರ ಹಬ್ಬ ಇದೆ’ ಅಂದರೆ ಬರುವ ಭಾನುವಾರ, ಅಥವಾ ಇವತ್ತೇ ಭಾನುವಾರ. ‘ಭಾನುವಾರ ಹಬ್ಬ ಇತ್ತು’ ಅಂದರೆ ಮುಗಿಯಿತು. ‘ಈ ತಿಂಗಳಲ್ಲಿ ಹಬ್ಬ ಇರುತ್ತೆ’ ಅಂದರೆ ಸಾಮಾನ್ಯವಾಗಿ ಪ್ರತಿ ವರ್ಷ. ಬರೆಯುವಾಗ ‘ಇರುತ್ತದೆ’ ಅನ್ನಿ.

ಅಜ್ಜಿ ಒಬ್ಬರೇ ತಾನೇ? ‘ಮಾಡಿದಳು’ ಅಂದರೆ ಯಾಕೆ ತಪ್ಪು?

ವ್ಯಾಕರಣದ ಪುಸ್ತಕ ನೋಡಿದರೆ ತಪ್ಪಲ್ಲ: ಹೆಂಗಸು, ಒಬ್ಬಳು, ಮಾಡಿದಳು. ಆದರೆ ಬೇರೆಯವರ ಮುಂದೆ ಮನೆಯ ಹಿರಿಯರ ಬಗ್ಗೆ ಬರೆಯುವಾಗ ಗೌರವಕ್ಕೆ ಬಹುವಚನ ಬರುತ್ತೆ. ಅಜ್ಜಿ ಮಾಡಿದರು, ಅಪ್ಪ ತಂದರು, ದೊಡ್ಡಮ್ಮ ಹಾಡಿದರು. ಮನೆಯೊಳಗೆ ಎಷ್ಟೋ ಜನ ‘ಅಮ್ಮ ಬಂದಳು’, ‘ಅಜ್ಜಿ ಹೇಳಿದಳು’ ಅಂತ ಸಲಿಗೆಯಿಂದ ಅನ್ನುತ್ತಾರೆ, ಅದೂ ಪ್ರೀತಿಯೇ. ಆದರೆ ಆ ಸಲಿಗೆ ಯಾವ ಮನೆಯಲ್ಲಿ, ಯಾರಿಗೆ ನಡೆಯುತ್ತೆ ಅನ್ನೋದು ಹೊಸಬರಿಗೆ ಗೊತ್ತಾಗೋದು ಕಷ್ಟ, ಆದ್ದರಿಂದ ಪತ್ರದಲ್ಲಿ ‘ಅರು’ ಹಾಕಿಬಿಡಿ.

ಚಿಕ್ಕವರಿಗೆ ಹಾಕಬೇಡಿ ಮತ್ತೆ. ತಂಗಿ ಒಬ್ಬಳೇ ಇದ್ದರೆ ‘ತಂಗಿ ಹಚ್ಚಿದಳು’. ಮೂರು ವರ್ಷದ ತಮ್ಮನ ಬಗ್ಗೆ ‘ತಮ್ಮ ಸಿಹಿ ಕದ್ದರು’ ಅಂತ ಒಬ್ಬರು ಬರೆದಿದ್ದರು, ನಕ್ಕು ನಕ್ಕು ಸಾಕಾಯಿತು. ಮಗು ಅನ್ನುವ ಪದಕ್ಕೆ ಇನ್ನೂ ಬೇರೆ: ಮಗು ಅತ್ತಿತು, ಮಗು ಮಲಗಿತು.

ಕಸಿನ್‌ಗೆ ಕನ್ನಡದಲ್ಲಿ ಏನಂತಾರೆ?

ಒಂದೇ ಪದ ಇಲ್ಲ, ಅದಕ್ಕೇ ನಾವೂ ಕಸಿನ್ ಅಂತಲೇ ಅನ್ನೋದು ಜಾಸ್ತಿ ಆಗಿದೆ. ಮೆಸೇಜಿನಲ್ಲಿ ‘ಕಸಿನ್’ ಅಂತ ಬರೆದರೆ ಯಾರೂ ಬೈಯೋದಿಲ್ಲ. ಬಿಡಿಸಿ ಹೇಳಬೇಕು ಅಂದರೆ ಯಾರ ಮಕ್ಕಳು ಅಂತ ಹೇಳಿ: ಚಿಕ್ಕಪ್ಪನ ಮಗ, ದೊಡ್ಡಮ್ಮನ ಮಗಳು, ಅತ್ತೆ ಮಗ, ಮಾವನ ಮಗಳು. ಅಪ್ಪನ ಅಣ್ಣ ದೊಡ್ಡಪ್ಪ, ಅಪ್ಪನ ತಮ್ಮ ಚಿಕ್ಕಪ್ಪ, ಅಪ್ಪನ ಅಕ್ಕ ತಂಗಿಯರು ಅತ್ತೆ, ಅಮ್ಮನ ಅಣ್ಣ ತಮ್ಮಂದಿರು ಮಾವ. ಗಂಡನ ಅಥವಾ ಹೆಂಡತಿಯ ತಾಯಿಗೂ ಅತ್ತೆ ಅಂತಲೇ ಅನ್ನುತ್ತೇವೆ, ಹಾಗಾಗಿ ಮದುವೆ ಆದವರು ಬರೆಯುವಾಗ ‘ಅಪ್ಪನ ತಂಗಿ’ ಅಂತ ಬಿಡಿಸಿ ಹೇಳಿದರೆ ಗೊಂದಲ ಇರೋದಿಲ್ಲ.

ಅಣ್ಣನಾ ತಮ್ಮನಾ ಅನ್ನೋದಂತೂ ಹೇಳಲೇಬೇಕು. ‘ಸಹೋದರ’ ಅಂತ ನಿಘಂಟಿನಲ್ಲಿ ಸಿಗುತ್ತೆ, ಆದರೆ ಪತ್ರದಲ್ಲಿ ಅದು ಭಾಷಣದ ಹಾಗೆ ಕೇಳುತ್ತೆ. ಎಣಿಸುವಾಗ ಮನುಷ್ಯರಿಗೆ ಬೇರೆ ಲೆಕ್ಕ: ಎರಡು ದೀಪ, ಆದರೆ ಇಬ್ಬರು ತಂಗಿಯರು, ಮೂರು ತಟ್ಟೆ, ಆದರೆ ಮೂವರು ಅಣ್ಣಂದಿರು. ಸಂಖ್ಯೆ ದೊಡ್ಡದಾದರೆ ತಲೆ ಕೆಡಿಸಿಕೊಳ್ಳದೆ ‘ಹದಿನಾಲ್ಕು ಜನ’ ಅನ್ನಿ, ಎಷ್ಟು ದೊಡ್ಡ ಸಂಖ್ಯೆಗೂ ‘ಜನ’ ನಡೆಯುತ್ತೆ.

‘ನಾನು ಇಷ್ಟ ಸಿಹಿ’ ಅಂದರೆ ಯಾಕೆ ಎಲ್ಲರೂ ನಗ್ತಾರೆ?

ಕನ್ನಡದಲ್ಲಿ ಇಷ್ಟಪಡುವವರಿಗೆ ‘ಗೆ’ ಸೇರುತ್ತೆ. ನನಗೆ ಸಿಹಿ ಇಷ್ಟ, ಅಜ್ಜಿಗೆ ಹೂ ಇಷ್ಟ. ಕೊನೆಗೆ ‘ಇದೆ’ ಬೇಕಾಗಿಲ್ಲ, ‘ಇಷ್ಟ’ ಅಂತ ನಿಲ್ಲಿಸಿದರೆ ವಾಕ್ಯ ಪೂರ್ತಿ. ಇದೇ ‘ಗೆ’ ಹಬ್ಬದ ಮೆಸೇಜಿನಲ್ಲಿ ಇನ್ನೂ ಮೂರು ನಾಲ್ಕು ಕಡೆ ಬರುತ್ತೆ: ನನಗೆ ಹಸಿವಾಯಿತು, ನಮಗೆ ಖುಷಿ ಆಯಿತು, ನನಗೆ ಇಬ್ಬರು ತಂಗಿಯರು ಇದ್ದಾರೆ. ಅಜ್ಜಿ ಮನೆಗೆ ಹೋದೆವು ಅನ್ನುವಾಗಲೂ ಅದೇ ‘ಗೆ’. ಒಂದು ಪ್ರತ್ಯಯ ಕಲಿತು ನಾಲ್ಕು ಕೆಲಸ.

## ಸ್ವಲ್ಪ ಮುಂದೆ ಹೋದವರಿಗೆ

ನಿನ್ನೆ ನಡೆದದ್ದನ್ನು ಹೇಳುವ ರೂಪಗಳು ಒಂದೊಂದೂ ಒಂದೊಂದು ಥರ. ಹೇಗೆ ನೆನಪಿಡೋದು?

ಮಾಡು-ಮಾಡಿದ, ಹಾಡು-ಹಾಡಿದ, ಹಚ್ಚು-ಹಚ್ಚಿದ ಇವು ಸಾಲಾಗಿ ಬರುತ್ತವೆ, ಕಷ್ಟ ಇಲ್ಲ. ದಿನಾ ಬಳಸುವ ಪದಗಳೇ ಹಟಮಾರಿಗಳು. ಎಲ್ಲಾ ಕಲಿಯಲು ಹೋಗಬೇಡಿ, ಹಬ್ಬಕ್ಕೆ ಬೇಕಾದ ಹತ್ತು ಕಲಿಯಿರಿ, ಅದೂ ಪೂರ್ತಿ ವಾಕ್ಯವಾಗಿ: ಬೇಗ ಎದ್ದೆವು, ಅಜ್ಜಿ ಮನೆಗೆ ಹೋದೆವು, ಚಿಕ್ಕಪ್ಪ ಬಂದರು, ಹೂ ತಂದರು, ನನಗೆ ಕೊಟ್ಟರು, ಮೇಜಿನ ಮೇಲೆ ಇಟ್ಟೆವು, ಸಿಹಿ ತಿಂದೆವು, ಎಲ್ಲರೂ ನಕ್ಕೆವು, ತಮ್ಮ ಬಿದ್ದ, ತಡ ಆಯಿತು.

‘ಎಲ್ಲರೂ ನಕ್ಕೆವು’, ‘ಎಲ್ಲರೂ ನಕ್ಕರು’ ಎರಡೂ ಸರಿ, ಅರ್ಥ ಬೇರೆ. ನಕ್ಕೆವು ಅಂದರೆ ನಾನೂ ನಕ್ಕೆ. ನಕ್ಕರು ಅಂದರೆ ನಾನು ನಗಲಿಲ್ಲ, ಬಹುಶಃ ನನ್ನನ್ನು ನೋಡಿಯೇ ನಕ್ಕರು!

‘ಇಲ್ಲ’ ಅನ್ನುವಾಗ ಮಾತ್ರ ಕನ್ನಡ ಹೊಸಬರಿಗೆ ಒಂದು ಉಡುಗೊರೆ ಕೊಟ್ಟಿದೆ. ನಾನು ಬರಲಿಲ್ಲ, ನೀವು ಬರಲಿಲ್ಲ, ಅಣ್ಣ ಬರಲಿಲ್ಲ, ಬಸ್ಸು ಬರಲಿಲ್ಲ. ಯಾರಾದರೂ ಒಂದೇ ರೂಪ. ‘ಈ ಸಲ ಅಣ್ಣ ಬರಲಿಲ್ಲ’ ಅಂತ ಒಂದು ಸಾಲು ಹಾಕಿ ನೋಡಿ, ನಾಲ್ಕು ಪದ ಜಾಸ್ತಿ, ಆದರೆ ಓದುವವರು ಯಾಕೆ ಅಂತ ಕೇಳದೆ ಬಿಡೋದಿಲ್ಲ.

ಚಿಕ್ಕ ಚಿಕ್ಕ ವಾಕ್ಯ ಮಗು ಬರೆದ ಹಾಗೆ ಕಾಣುತ್ತೆ. ಸೇರಿಸೋದು ಹೇಗೆ?

‘ಮತ್ತು’ ಹಾಕಿ ಸೇರಿಸಬೇಡಿ. ಎದ್ದೆವು ಮತ್ತು ಸ್ನಾನ ಮಾಡಿದೆವು ಮತ್ತು ಹೋದೆವು ಅಂತ ಕನ್ನಡದವರು ಯಾರೂ ಅನ್ನೋದಿಲ್ಲ. ಕೊನೆಯ ಕ್ರಿಯೆ ಬಿಟ್ಟು ಉಳಿದದ್ದನ್ನು ಅರ್ಧಕ್ಕೆ ನಿಲ್ಲಿಸಿ: ‘ಬೇಗ ಎದ್ದು, ಸ್ನಾನ ಮಾಡಿ, ಅಜ್ಜಿ ಮನೆಗೆ ಹೋದೆವು.’ ಕಾಲ, ವಚನ ಎಲ್ಲಾ ಕೊನೆಯ ‘ಹೋದೆವು’ ಹೊತ್ತುಕೊಳ್ಳುತ್ತೆ, ಅಂದರೆ ನಿಮಗೆ ತಪ್ಪು ಮಾಡುವ ಜಾಗವೂ ಕಡಿಮೆ.

ಎಲ್ಲಾ ಕೆಲಸ ಒಬ್ಬರೇ ಮಾಡಿರಬೇಕು, ಅದು ಮಿತಿ. ‘ಅಜ್ಜಿ ದೀಪ ಹಚ್ಚಿ ನಾವು ಊಟ ಮಾಡಿದೆವು’ ಅಂದರೆ ವಾಕ್ಯ ಕುಂಟುತ್ತೆ, ಹಚ್ಚಿದವರು ಬೇರೆ, ಉಂಡವರು ಬೇರೆ. ಅಲ್ಲಿ ‘ಮೇಲೆ’ ಬೇಕು: ‘ಅಜ್ಜಿ ದೀಪ ಹಚ್ಚಿದ ಮೇಲೆ ನಾವು ಊಟ ಮಾಡಿದೆವು.’ ಒಂದು ಮೆಸೇಜಿನಲ್ಲಿ ಇಂಥ ಉದ್ದ ವಾಕ್ಯ ಒಂದೋ ಎರಡೋ ಸಾಕು. ಘಟನೆ ಹೇಳುವ ಕಡೆ ಚಿಕ್ಕದೇ ಚೆನ್ನ. ‘ಗಾಳಿ ಬಂತು. ದೀಪ ಆರಿತು.’ ಇದನ್ನು ಸೇರಿಸಿದರೆ ನನಗೆ ಕೋಪ ಬರುತ್ತೆ.

ನಾನು ಕೇಳಿ ಕಲಿತವನು. ‘ಹೋಗ್ತೀವಿ’ ಅಂತ ಬರೆದರೆ ತಪ್ಪಾ?

ಗೆಳೆಯರಿಗೆ ಬರೆಯುವ ಮೆಸೇಜಿನಲ್ಲಿ ತಪ್ಪಿಲ್ಲ, ನಾವೆಲ್ಲ ಹಾಗೇ ಬರೆಯುತ್ತೇವೆ. ಹೊಸಬರಿಗೆ ನಾನು ‘ಹೋಗುತ್ತೇವೆ’ ಹೇಳಿಕೊಡೋದು ಬೇರೆ ಕಾರಣಕ್ಕೆ. ಮಾತಿನ ರೂಪ ಕಡೆಕಡೆಗೆ ಬದಲಾಗುತ್ತೆ, ಹೋಗ್ತೀವಿ ಅನ್ನುವವರಿದ್ದಾರೆ, ಹೋಕ್ಕೀವಿ ಅನ್ನುವವರಿದ್ದಾರೆ. ಬರಹದ ರೂಪ ಎಲ್ಲರಿಗೂ ಒಂದೇ, ಎದುರಿನವರು ಎಲ್ಲಿಯವರಾದರೂ ಓದುತ್ತಾರೆ. ಕಿವಿಯಿಂದ ಕಲಿತವರು ಮಾತಿನಂತೆಯೇ ಬರೆಯಲಿ, ಆದರೆ ಒಂದೇ ವಾಕ್ಯದಲ್ಲಿ ಎರಡನ್ನೂ ಕಲಸದಿದ್ದರೆ ಓದಲು ಹಿತ.

ಕಾಗುಣಿತ ಎಷ್ಟು ಮುಖ್ಯ? ಅರ್ಥ ಆದರೆ ಸಾಕಲ್ವಾ?

ಅರ್ಥ ಆದರೆ ಸಾಕು, ಆದರೆ ಕೆಲವು ಕಡೆ ಅರ್ಥವೇ ಬದಲಾಗುತ್ತೆ. ‘ಊಟ ಆದಮೇಲೆ ಹೆಣ್ಣು ತಿಂದೆವು’ ಅಂತ ಒಂದು ಮೆಸೇಜ್ ಬಂದಿತ್ತು. ಹಣ್ಣು ಅಂತ ಬರೆಯಬೇಕಿತ್ತು, ಒಂದು ಎತ್ವ ಜಾಸ್ತಿಯಾಗಿ ಮನೆಯವರೆಲ್ಲ ನರಭಕ್ಷಕರಾದರು. ಅಕ್ಕಿ, ಹಕ್ಕಿ ಇನ್ನೊಂದು ಜೋಡಿ. ಅಡುಗೆಮನೆಯಲ್ಲಿ ಬೆಂದದ್ದು ಯಾವುದು ಅಂತ ಒಮ್ಮೆ ನೋಡಿಕೊಳ್ಳಿ. ಒತ್ತಕ್ಷರ ಬಿಟ್ಟರೆ ಸಾಮಾನ್ಯವಾಗಿ ಓದುವವರು ಊಹಿಸುತ್ತಾರೆ. ಫೋನಿನಲ್ಲಿ ಹಬ್ಬ ಟೈಪ್ ಮಾಡುವಾಗ ಎರಡು ಬ ನಡುವೆ ಅರ್ಧಾಕ್ಷರದ ಗುರುತು ಒತ್ತದಿದ್ದರೆ ‘ಹಬಬ’ ಆಗುತ್ತೆ, ಹೊಸಬರಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಅದು. ಕಳಿಸುವ ಮುಂಚೆ ಒಂದು ಸಲ ಜೋರಾಗಿ ಓದಿ, ಹಬಬ ಅಂತ ಬಾಯಲ್ಲಿ ಬಂದಾಗ ಸಿಕ್ಕಿಬೀಳುತ್ತೆ.

ನಾನು ಕನ್ನಡದವಳು, ನನ್ನ ಪತ್ರಮಿತ್ರ ಹೀಗೆ ಬರೆದು ಕಳಿಸಿದ್ದಾರೆ. ಎಲ್ಲಾ ತಪ್ಪು ತಿದ್ದಲಾ?

ಕೇಳದೆ ತಿದ್ದಬೇಡಿ. ಅವರು ನಿಮಗೆ ಹಬ್ಬದ ಕಥೆ ಹೇಳಿದ್ದಾರೆ, ಮೊದಲು ಆ ಕಥೆಗೆ ಉತ್ತರ ಕೊಡಿ. ಉತ್ತರದೊಳಗೇ ಸರಿಯಾದ ರೂಪ ಇಟ್ಟುಬಿಡಿ. ಅವರು ‘ಅಜ್ಜಿ ಸಿಹಿ ಮಾಡಿದಳು, ನಾನು ಇಷ್ಟ’ ಅಂದಿದ್ದರೆ, ನೀವು ‘ನಿಮ್ಮ ಅಜ್ಜಿ ಯಾವ ಸಿಹಿ ಮಾಡಿದರು? ನನಗೂ ಸಿಹಿ ತುಂಬಾ ಇಷ್ಟ’ ಅನ್ನಿ. ಗಮನ ಇಟ್ಟು ಓದುವವರು ಮುಂದಿನ ಮೆಸೇಜಿನಲ್ಲಿ ತಾವೇ ಬದಲಾಯಿಸಿರುತ್ತಾರೆ.

ತಿದ್ದಿ ಅಂತ ಅವರೇ ಕೇಳಿದರೆ, ಒಂದು ಮೆಸೇಜಿಗೆ ಒಂದೇ ಬಗೆಯ ತಪ್ಪು ಹಿಡಿಯಿರಿ. ನಾನಾದರೆ ಮೊದಲು ‘ಮಾಡುತ್ತೇವೆ, ಮಾಡಿದೆವು’ ಹಿಡಿಯುತ್ತೇನೆ, ಯಾಕೆಂದರೆ ಹಬ್ಬ ಆಗಿದೆಯೋ ಆಗಬೇಕೋ ಅಂತ ಗೊತ್ತಾಗದಿದ್ದರೆ ಶುಭಾಶಯ ಹೇಳೋದೂ ಕಷ್ಟ. ಕಾಗುಣಿತವನ್ನು ಎಲ್ಲಕ್ಕಿಂತ ಕೊನೆಗೆ, ಹೆಣ್ಣು ತಿಂದಿದ್ದರೆ ಮಾತ್ರ ತಕ್ಷಣ.